ಎಷ್ಟಕ್ಕೆ ಬಿತ್ತು? ಕಾರ್ಡ್ ಇಎಂಐನ ನಿಜವಾದ ಲೆಕ್ಕ

(ನಮ್ಮ ಚಾನೆಲ್‌ನ ಮಾತಿನ ಬರಹರೂಪ. ಕೇಳುವಾಗ ಜಾರಿಹೋಗುವ ಅಂಕಿಗಳನ್ನು ಇಲ್ಲಿ ನಿಧಾನವಾಗಿ ಬಿಡಿಸಿ ಬರೆದಿದೆ.)

ಇವತ್ತು ಒಂದೇ ಒಂದು ಬಿಲ್ಲಿನ ಕಥೆ ಹೇಳ್ತೀನಿ. ನನ್ನದೇ ಬಿಲ್ಲು. ತೊಂಬತ್ತು ಸಾವಿರದ್ದು.

ನಾವು ಬೆಂಗಳೂರಿಂದ ವಡೋದರಾಕ್ಕೆ ಬಂದಿದ್ದು ಏಪ್ರಿಲ್ ತಿಂಗಳಲ್ಲಿ. ಗೋತ್ರಿ ಕಡೆ ಎರಡು ಬೆಡ್‌ರೂಮಿನ ಮನೆ. ಬೆಂಗಳೂರಲ್ಲಿ ನಮ್ಮ ಮನೆಗೆ ಫ್ಯಾನ್ ಸಾಕಿತ್ತು, ಹಾಗಾಗಿ ಇಲ್ಲಿಗೂ ಫ್ಯಾನನ್ನೇ ನಂಬಿಕೊಂಡು ಬಂದ್ವಿ. ಮೇ ತಿಂಗಳ ಮೊದಲ ವಾರಕ್ಕೇ ಗೊತ್ತಾಯ್ತು. ಮಧ್ಯಾಹ್ನ ನಲವತ್ತೆರಡು ಡಿಗ್ರಿ, ರಾತ್ರಿ ಹತ್ತಕ್ಕೂ ಗೋಡೆ ಮುಟ್ಟಿದರೆ ಬಿಸಿ. ಮನೇಲಿ ಚಿಕ್ಕ ಮಗು. ಜೊತೆಗೆ ಹಾಸನದಿಂದ ಅಪ್ಪ ಅಮ್ಮ ಬರೋರಿದ್ದರು, ಟಿಕೆಟ್ ಆಗಿತ್ತು. ಒಂದು ಎಸಿ ಅಲ್ಲ, ಎರಡು ಬೇಕು ಅಂತಾಯ್ತು.

ಎರಡು ಎಸಿಗೆ 82,000 ರೂಪಾಯಿ. ಸ್ಟೆಬಿಲೈಸರ್, ತಾಮ್ರದ ಪೈಪು, ಹೊರಗಿನ ಸ್ಟ್ಯಾಂಡು, ಫಿಟಿಂಗು ಎಲ್ಲ ಸೇರಿ ಇನ್ನೊಂದು 8,000. ಒಟ್ಟು 90,000. ಅಷ್ಟರಲ್ಲಿ ಮನೆ ಡಿಪಾಸಿಟ್, ಸಾಮಾನು ಸಾಗಿಸಿದ ಖರ್ಚು, ಎರಡೂ ಆಗಿ ಖಾತೆ ಬರಿದಾಗಿತ್ತು. ಕಾರ್ಡ್ ಉಜ್ಜಿದೆ.

ಆವತ್ತು ಸಂಜೆ ಎಸಿ ಫಿಟ್ ಮಾಡೋ ಹುಡುಗರು ಡ್ರಿಲ್ ಹಿಡಿದಿರುವಾಗ ಪಕ್ಕದ ಮನೆ ಕಾಕಾ ಬಂದು ನೋಡಿದರು. ವಯಸ್ಸಾದವರು, ಜೀವನಪೂರ್ತಿ ಲೆಕ್ಕ ಬರೆದವರು. ಗುಜರಾತಿಯಲ್ಲಿ ಕೇಳಿದರು: "ಕೇಟಲಾಮಾ ಪಡ್ಯುಂ?" ನನಗೆ ಆಗ ಗುಜರಾತಿ ಅಷ್ಟಕ್ಕಷ್ಟೇ. ಆದರೂ ಅದು ತಟ್ಟನೆ ಅರ್ಥವಾಯ್ತು, ಯಾಕೆಂದರೆ ನಮ್ಮಲ್ಲೂ ಹಾಗೇ ಕೇಳ್ತೀವಿ. ಎಷ್ಟಕ್ಕೆ ಬಿತ್ತು? ಬೆಲೆ ಎಷ್ಟು ಅಂತಲ್ಲ, ಕೊನೆಗೆ ನಿನಗೆ ಎಷ್ಟಕ್ಕೆ ಬಿತ್ತು ಅಂತ. ನಾನು "ತೊಂಬತ್ತು ಸಾವಿರ" ಅಂದೆ.

ಅದು ತಪ್ಪು ಉತ್ತರ. ಸರಿಯಾದ ಉತ್ತರ ಗೊತ್ತಾಗೋಕೆ ನನಗೆ ಎರಡು ತಿಂಗಳು ಬೇಕಾಯ್ತು.

ಫೋನ್ ಬಂತು

ಕಾರ್ಡ್ ಉಜ್ಜಿ ನಾಲ್ಕು ದಿನಕ್ಕೆ ಬ್ಯಾಂಕಿಂದ ಒಂದು ಹುಡುಗಿ ಫೋನ್ ಮಾಡಿದಳು. ದೊಡ್ಡ ಖರೀದಿ ಆದ ಮೇಲೆ ಈ ಫೋನ್ ಬಂದೇ ಬರುತ್ತೆ, ಇಲ್ಲಾಂದ್ರೆ ಆ್ಯಪ್‌ನಲ್ಲಿ ಆ ಖರೀದಿಯ ಪಕ್ಕದಲ್ಲೇ ಒಂದು ಬಟನ್ ಕಾಣುತ್ತೆ. ಹನ್ನೆರಡು ತಿಂಗಳ ಇಎಂಐ ಮಾಡಿಕೊಡ್ತೀವಿ, ತಿಂಗಳಿಗೆ 8,166 ರೂಪಾಯಿ ಅಷ್ಟೇ ಅಂದಳು. ಬಡ್ಡಿ ಎಷ್ಟು ಅಂತ ಕೇಳಿದೆ. "ವರ್ಷಕ್ಕೆ ಒಂಬತ್ತು ಪರ್ಸೆಂಟೂ ಆಗಲ್ಲ ಸರ್" ಅಂದಳು. ಪ್ರೊಸೆಸಿಂಗ್ ಫೀ ಒಂದು ಪರ್ಸೆಂಟ್ ಅಂದಳು.

ಒಂಬತ್ತಕ್ಕಿಂತ ಕಡಿಮೆ ಅಂದ್ರೆ ಹೋಮ್ ಲೋನ್ ಬಡ್ಡಿ ಇದ್ದ ಹಾಗೆ! ಇನ್ನೇನು ಬೇಕು ಅಂದುಕೊಂಡೆ. ಹೆಂಡತಿ ಮಾತ್ರ ಅಡುಗೆಮನೆಯಿಂದಲೇ, "ರೀ, ನನ್ನ ಎಫ್‌ಡಿ ಇದೆಯಲ್ಲ, ಅದರ ಮೇಲೆ ಸಾಲ ತಗೋಬಹುದಲ್ವಾ?" ಅಂದಳು. ಆಕೆ ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೂಡಿಟ್ಟ ಹಣ, 1,20,000 ರೂಪಾಯಿ. ನಾನು ದೊಡ್ಡವನ ಹಾಗೆ, "ನಿನ್ನ ಎಫ್‌ಡಿ ತಂಟೆಗೆ ಹೋಗೋದು ಬೇಡ" ಅಂದುಬಿಟ್ಟೆ. ಫೋನಲ್ಲಿ "ಓಕೆ" ಅಂದೆ. ಓಟಿಪಿ ಬಂತು, ಒತ್ತಿದೆ, ಮುಗೀತು.

ಮೊದಲ ಬಿಲ್ಲು

ಕನ್ವರ್ಟ್ ಆಗಿದೆ ಅಂತ ಮೆಸೇಜ್ ಬಂತು. ಇಎಂಐ 8,165.78. ಆ ತಿಂಗಳು ಕಾರ್ಡ್‌ನಲ್ಲಿ ದಿನಸಿ, ಪೆಟ್ರೋಲ್ ಅಂತ 6,340 ರೂಪಾಯಿ ಬೇರೆ ಖರ್ಚಾಗಿತ್ತು. ಎರಡನ್ನೂ ಕೂಡಿಸಿ 14,506 ಕಟ್ಟಿದೆ. ಬಿಲ್ ತೆರೆದು ನೋಡಲಿಲ್ಲ. ಲೆಕ್ಕ ನನಗೆ ಗೊತ್ತಲ್ಲ ಅನ್ನೋ ಧಿಮಾಕು.

ಮುಂದಿನ ತಿಂಗಳ ಬಿಲ್ಲಲ್ಲಿ "ಫೈನಾನ್ಸ್ ಚಾರ್ಜಸ್" ಅಂತ ಇನ್ನೂರು ಚಿಲ್ಲರೆ, ಅದರ ಮೇಲೆ ಜಿಎಸ್‌ಟಿ. ನಾನು ಒಂದು ದಿನವೂ ತಡ ಮಾಡಿಲ್ಲ, ಇದೆಲ್ಲಿಂದ ಬಂತು? ಆಗ ಹಿಂದಿನ ತಿಂಗಳ ಬಿಲ್ ತೆರೆದೆ. ಕಟ್ಟಬೇಕಾಗಿದ್ದದ್ದು 14,506 ಅಲ್ಲ, 15,784.

ವ್ಯತ್ಯಾಸ 1,278 ರೂಪಾಯಿ. ಅದರಲ್ಲಿ ಪ್ರೊಸೆಸಿಂಗ್ ಫೀ 900, ಆ ಫೀ ಮೇಲೆ ಜಿಎಸ್‌ಟಿ 162, ಮತ್ತೆ ಆ ತಿಂಗಳ ಬಡ್ಡಿ ಮೇಲೆ ಜಿಎಸ್‌ಟಿ 216. ಮೆಸೇಜಲ್ಲಿ ಬಂದ ಇಎಂಐ ಅಂಕಿಯಲ್ಲಿ ಈ ಮೂರೂ ಇರಲ್ಲ. ಇಎಂಐ ಅಂದರೆ ಅಸಲು ಮತ್ತು ಬಡ್ಡಿ, ಅಷ್ಟೇ. ತೆರಿಗೆ ಬೇರೆ ಸಾಲಲ್ಲಿ, ಫೀ ಇನ್ನೊಂದು ಸಾಲಲ್ಲಿ, ಫೀ ಮೇಲಿನ ತೆರಿಗೆ ಮತ್ತೊಂದು ಸಾಲಲ್ಲಿ ಬರುತ್ತೆ.

1,278 ಬಾಕಿ ಉಳಿದದ್ದಕ್ಕೆ ಅದರ ಬಡ್ಡಿ ಮಾತ್ರ ಬಿದ್ದಿದ್ದರೆ ನಲವತ್ತೈದು ರೂಪಾಯಿ ಆಗ್ತಿತ್ತು. ಆದರೆ ಹಿಂದಿನ ಬಿಲ್ಲಿನ ಬಾಕಿ ಒಂದಿಷ್ಟು ಉಳಿದರೂ ಸಾಕು, ಹೊಸ ಖರೀದಿಗಳಿಗೆ ಸಿಗುವ ಬಡ್ಡಿ ಇಲ್ಲದ ಅವಧಿ ಹೋಗುತ್ತೆ. ಆ ತಿಂಗಳು ತಂದ ಹಾಲು, ತರಕಾರಿ, ಔಷಧಿ, ಎಲ್ಲದಕ್ಕೂ ತಂದ ದಿನದಿಂದಲೇ ತಿಂಗಳಿಗೆ 3.5% ಲೆಕ್ಕದಲ್ಲಿ ಬಡ್ಡಿ. ಹೀಗೆ ಇನ್ನೂರು ದಾಟಿತು.

ಇನ್ನೂರು ರೂಪಾಯಿ ದೊಡ್ಡದಲ್ಲ. ಆದರೆ ನಾನು ಕೋಡ್‌ನಲ್ಲಿ ಒಂದು ಪೈಸೆ ರೌಂಡಿಂಗ್ ತಪ್ಪಾದರೂ ಬಗ್ ಹಾಕೋ ಮನುಷ್ಯ. ನನ್ನ ಸ್ವಂತ ಬಿಲ್ಲನ್ನೇ ಓದಿಲ್ಲವಲ್ಲ ಅಂತ ನಾಚಿಕೆಯಾಯ್ತು. ಆ ಭಾನುವಾರ ಲ್ಯಾಪ್‌ಟಾಪ್ ಹಿಡಿದು ಕೂತೆ.

ಒಂಬತ್ತು ಎಲ್ಲಿಂದ ಬಂತು?

ಮೊದಲು ಬಡ್ಡಿ. ಕನ್ವರ್ಷನ್ ಆದ ಮೇಲೆ ಬಂದ ಮೇಲ್‌ನಲ್ಲಿ ಬಡ್ಡಿ ದರ ವರ್ಷಕ್ಕೆ 16% ಅಂತ ಸ್ಪಷ್ಟವಾಗಿ ಇತ್ತು. ಹಾಗಾದರೆ ಆ ಹುಡುಗಿ ಸುಳ್ಳು ಹೇಳಿದಳಾ? ಇಲ್ಲ, ಅದೇ ಇಲ್ಲಿನ ಸ್ವಾರಸ್ಯ. ಸ್ಪ್ರೆಡ್‌ಶೀಟಲ್ಲಿ ಈ ಎರಡು ಸಾಲು ಹಾಕಿ ನೋಡಿ:

```
=PMT(16%/12, 12, -90000)
=-CUMIPMT(16%/12, 12, 90000, 1, 12, 0)
```

ಮೊದಲನೆಯದು ತಿಂಗಳ ಕಂತು, 8,165.78. ಎರಡನೆಯದು ವರ್ಷಪೂರ್ತಿ ಕಟ್ಟುವ ಒಟ್ಟು ಬಡ್ಡಿ, 7,989 ರೂಪಾಯಿ. 7,989ನ್ನು 90,000ದಿಂದ ಭಾಗಿಸಿದರೆ 8.9% ಬರುತ್ತೆ. ಒಂಬತ್ತೂ ಆಗಲ್ಲ ಅಂದಳಲ್ಲ, ಅದು ಇದೇ.

ಆದರೆ ವರ್ಷಪೂರ್ತಿ ನನ್ನ ಹತ್ತಿರ 90,000 ಸಾಲ ಇರಲಿಲ್ಲ. ಮೊದಲ ಕಂತಿಗೇ ಅದು 83,034ಕ್ಕೆ ಇಳೀತು. ಆರನೇ ಕಂತು ಕಟ್ಟಿದಾಗ 46,787. ಕೊನೆ ತಿಂಗಳಲ್ಲಿ ಎಂಟು ಸಾವಿರ ಮಾತ್ರ. ಹನ್ನೆರಡು ತಿಂಗಳ ಸರಾಸರಿ ತೆಗೆದರೆ ನನ್ನ ಕೈಲಿದ್ದ ಬ್ಯಾಂಕಿನ ಹಣ ಸುಮಾರು 50,000. ಐವತ್ತು ಸಾವಿರಕ್ಕೆ ವರ್ಷಕ್ಕೆ 7,989 ಬಡ್ಡಿ ಅಂದರೆ 16%. ಎರಡೂ ಒಂದೇ ಸಾಲ, ಒಂದೇ ಬಡ್ಡಿ. ಯಾವುದರಿಂದ ಭಾಗಿಸ್ತೀವಿ ಅನ್ನೋದರ ಮೇಲೆ ಒಂಬತ್ತೂ ಆಗುತ್ತೆ, ಹದಿನಾರೂ ಆಗುತ್ತೆ. ಮೊದಲನೆಯದಕ್ಕೆ ಫ್ಲ್ಯಾಟ್ ದರ ಅಂತಾರೆ, ಎರಡನೆಯದಕ್ಕೆ ರೆಡ್ಯೂಸಿಂಗ್ ದರ ಅಂತಾರೆ. ಹೋಮ್ ಲೋನಿನ ಒಂಬತ್ತು ರೆಡ್ಯೂಸಿಂಗ್ ದರ. ಅದರ ಪಕ್ಕ ಈ ಒಂಬತ್ತನ್ನು ಇಟ್ಟು ನೋಡಿದ್ದು ನನ್ನ ತಪ್ಪು.

ಬಡ್ಡಿಯ ಮೇಲೂ ತೆರಿಗೆ

ಎರಡನೆಯದು ಜಿಎಸ್‌ಟಿ. ಇದು ಬಹಳ ಜನಕ್ಕೆ ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ. ಹೋಮ್ ಲೋನ್, ಪರ್ಸನಲ್ ಲೋನ್, ಚಿನ್ನದ ಮೇಲಿನ ಸಾಲ, ಇವುಗಳ ಬಡ್ಡಿಗೆ ಜಿಎಸ್‌ಟಿ ಇಲ್ಲ. 2017ರಲ್ಲಿ ಜಿಎಸ್‌ಟಿ ಬಂದಾಗ ಸಾಲದ ಬಡ್ಡಿಗೆ ವಿನಾಯಿತಿ ಕೊಟ್ಟರು. ಆದರೆ ಅದೇ ವಿನಾಯಿತಿಯ ಸಾಲಲ್ಲೇ ಕ್ರೆಡಿಟ್ ಕಾರ್ಡ್ ಸೇವೆಯ ಬಡ್ಡಿಯನ್ನು ಹೊರಗಿಟ್ಟರು. ಹಾಗಾಗಿ ಕಾರ್ಡ್ ಇಎಂಐನ ಬಡ್ಡಿಗೆ ಪ್ರತಿ ತಿಂಗಳು 18% ಜಿಎಸ್‌ಟಿ ಬೀಳುತ್ತೆ.

ಮೊದಲ ತಿಂಗಳ ಬಡ್ಡಿ 1,200, ತೆರಿಗೆ 216. ಅಸಲು ಕರಗಿದ ಹಾಗೆ ಬಡ್ಡಿ ಕರಗುತ್ತೆ, ತೆರಿಗೆಯೂ ಕರಗುತ್ತೆ. ಕೊನೇ ತಿಂಗಳು ಬಡ್ಡಿ 107, ತೆರಿಗೆ 19. ಇಎಂಐ ಪ್ರತಿ ತಿಂಗಳೂ ಒಂದೇ ಇದ್ದರೂ ಬಿಲ್ಲು ಒಂದೇ ಇರಲ್ಲ ಅಂತ ಗೊಂದಲ ಆಗೋದು ಇದಕ್ಕೇ. ನಿಮ್ಮ ಬಿಲ್ಲಲ್ಲಿ ಮೊದಲ ತಿಂಗಳ ಬಡ್ಡಿ ನನ್ನ ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚುಕಡಿಮೆ ಇರಬಹುದು, ಕನ್ವರ್ಟ್ ಮಾಡಿದ ದಿನದಿಂದ ಬಿಲ್ ದಿನದವರೆಗೆ ಎಷ್ಟು ದಿನ ಅನ್ನೋದನ್ನು ಬ್ಯಾಂಕ್ ನೋಡುತ್ತೆ. ವರ್ಷಕ್ಕೆ ಒಟ್ಟು ತೆರಿಗೆ 7,989ರ 18%, ಅಂದರೆ 1,438 ರೂಪಾಯಿ.

16% ಬಡ್ಡಿಗೆ 18% ತೆರಿಗೆ ಸೇರಿದರೆ ನಿಜವಾದ ದರ 18.88% ಆಯ್ತು.

ಚಿಕ್ಕದಾಗಿ ಕಾಣುವ ಫೀ

ಮೂರನೆಯದು ಪ್ರೊಸೆಸಿಂಗ್ ಫೀ. ಒಂದು ಪರ್ಸೆಂಟ್, 900 ರೂಪಾಯಿ. ತೆರಿಗೆ ಸೇರಿ 1,062. ತೊಂಬತ್ತು ಸಾವಿರಕ್ಕೆ ಸಾವಿರ ರೂಪಾಯಿ ಏನು ಮಹಾ ಅನ್ನಿಸುತ್ತೆ. ಆದರೆ ಇದನ್ನೂ ಆ ಐವತ್ತು ಸಾವಿರದ ಸರಾಸರಿ ಸಾಲದ ಪಕ್ಕ ಇಟ್ಟು ನೋಡಬೇಕು. ಆಗ ಅದೊಂದೇ ವರ್ಷಕ್ಕೆ ಎರಡು ಪರ್ಸೆಂಟಿಗಿಂತ ಹೆಚ್ಚು. ಎಲ್ಲ ಸೇರಿ ನನ್ನ ಸಾಲದ ನಿಜವಾದ ದರ ಸುಮಾರು 21%.

ಫೀ ವಿಷಯದಲ್ಲಿ ಇನ್ನೊಂದು ಗಮನಿಸಿ. ಅವಧಿ ಕಡಿಮೆ ಆದಷ್ಟೂ ಫೀ ಭಾರ. ಬಡ್ಡಿ ತಿಂಗಳ ಲೆಕ್ಕದಲ್ಲಿ ಕರಗುತ್ತೆ, ಫೀ ಮೊದಲ ದಿನವೇ ಪೂರ್ತಿ ಹೋಗುತ್ತೆ. ಮೂರು ತಿಂಗಳಿಗೆ ಕನ್ವರ್ಟ್ ಮಾಡಿದರೂ ಅದೇ 1,062. ಕೆಲವು ಬ್ಯಾಂಕುಗಳಲ್ಲಿ ಪರ್ಸೆಂಟ್ ಬದಲು ಇನ್ನೂರು, ಮುನ್ನೂರು ಅಂತ ನಿಗದಿ ಫೀ ಇರುತ್ತೆ. ದೊಡ್ಡ ಮೊತ್ತಕ್ಕೆ ನಿಗದಿ ಫೀ ಹಗುರ, ಚಿಕ್ಕ ಮೊತ್ತಕ್ಕೆ ಅದೇ ಹೊರೆ.

ಈಗ ಕೂಡಿಸೋಣ. ಬಡ್ಡಿ 7,989, ಬಡ್ಡಿ ಮೇಲೆ ತೆರಿಗೆ 1,438, ಫೀ ಮತ್ತು ಅದರ ತೆರಿಗೆ 1,062. ಒಟ್ಟು 10,489 ರೂಪಾಯಿ. ಅಂದರೆ ಎರಡು ಎಸಿ ನನಗೆ ಬಿದ್ದಿದ್ದು 1,00,489ಕ್ಕೆ. ಕಾಕಾಗೆ ನಾನು ಕೊಡಬೇಕಾಗಿದ್ದ ಉತ್ತರ ಅದು.

ಅಂಗಡಿಯಲ್ಲಿ ನಿಂತಾಗ ಸ್ಪ್ರೆಡ್‌ಶೀಟ್ ತೆರೆಯೋಕಾಗಲ್ಲ. ಅದಕ್ಕೆ ಒಂದು ಬಾಯಿಲೆಕ್ಕ ಇದೆ. ಮೊತ್ತವನ್ನು ವರ್ಷದ ಬಡ್ಡಿ ದರದಿಂದ ಗುಣಿಸಿ. ತಿಂಗಳುಗಳ ಸಂಖ್ಯೆಗೆ ಒಂದು ಸೇರಿಸಿ, ಅದರಿಂದ ಗುಣಿಸಿ, 24ರಿಂದ ಭಾಗಿಸಿ. ನನ್ನ ಬಿಲ್ಲಿಗೆ 90,000ದ 16% ಅಂದರೆ 14,400. ಅದನ್ನು 13ರಿಂದ ಗುಣಿಸಿ 24ರಿಂದ ಭಾಗಿಸಿದರೆ 7,800. ನಿಜವಾದ 7,989ಕ್ಕೆ ಹತ್ತಿರವೇ ಇದೆ. ಅದಕ್ಕೆ ಫೀ ಸೇರಿಸಿ, ಒಟ್ಟಿಗೆ 18% ಹಚ್ಚಿ. 10,266 ಬರುತ್ತೆ. ಇನ್ನೂರು ರೂಪಾಯಿ ಆಚೀಚೆ, ಆದರೆ ನಿರ್ಧಾರಕ್ಕೆ ಅಷ್ಟು ಸಾಕು.

ಮಧ್ಯದಲ್ಲಿ ಮುಗಿಸಿದರೆ?

ಆರನೇ ತಿಂಗಳಲ್ಲಿ ನನ್ನ ಕೈಗೆ ಒಂದಿಷ್ಟು ದುಡ್ಡು ಬಂತು. ಉಳಿದದ್ದನ್ನೆಲ್ಲ ಕಟ್ಟಿ ಮುಗಿಸೋಣ ಅಂತ ಫೋನ್ ಮಾಡಿದೆ. ಬಾಕಿ ಅಸಲು 46,787. ಅದರ ಮೇಲೆ 3% ಪ್ರಿಕ್ಲೋಷರ್ ಚಾರ್ಜು, ಮತ್ತೆ ಅದಕ್ಕೂ 18% ಜಿಎಸ್‌ಟಿ. ಒಟ್ಟು 1,656 ರೂಪಾಯಿ. ಮೊದಲು ಕಟ್ಟಿದ ಫೀ ವಾಪಸ್ ಬರಲ್ಲ.

ಹಾಗಾದರೆ ಉಳಿಯೋದೆಷ್ಟು? ಮುಂದಿನ ಆರು ತಿಂಗಳ ಬಡ್ಡಿ ಮತ್ತು ತೆರಿಗೆ ಸೇರಿ ಬಾಕಿ ಇದ್ದದ್ದು 2,605. ಅದರಲ್ಲಿ 1,656 ಚಾರ್ಜಿಗೆ ಹೋದರೆ ಉಳಿಯೋದು ಬರೀ 949. ಯಾಕಿಷ್ಟು ಕಡಿಮೆ ಅಂದರೆ, ಇಡೀ ವರ್ಷದ ಬಡ್ಡಿಯಲ್ಲಿ ನೂರಕ್ಕೆ ಎಪ್ಪತ್ತೆರಡು ಭಾಗ ಮೊದಲ ಆರು ತಿಂಗಳಲ್ಲೇ ಕಟ್ಟಿ ಆಗಿತ್ತು. ಸಾಲ ದೊಡ್ಡದಿರುವಾಗಲೇ ಬಡ್ಡಿ ದೊಡ್ಡದು. ಆ 46,787 ರೂಪಾಯಿಯನ್ನು ಬ್ಯಾಂಕಲ್ಲಿಟ್ಟು ತಿಂಗಳು ತಿಂಗಳು ಕಂತು ಕಟ್ಟುತ್ತಾ ಹೋದರೂ ಒಂದಿಷ್ಟು ಬಡ್ಡಿ ಸಿಗುತ್ತೆ. ಸುಮ್ಮನೆ ಬಿಟ್ಟೆ.

ಅದೇ ನಾನು ಎರಡನೇ ಕಂತಾದ ಕೂಡಲೇ ಮುಗಿಸಿದ್ದರೆ ಚಾರ್ಜು ಕಳೆದೂ ನಾಲ್ಕು ಸಾವಿರ ಉಳೀತಿತ್ತು. ಮುಗಿಸೋದಾದರೆ ಬೇಗ ಮುಗಿಸಬೇಕು, ಅರ್ಧ ದಾಟಿದ ಮೇಲೆ ಮುಗಿಸೋದರಲ್ಲಿ ಹುರುಳಿಲ್ಲ.

ಇಲ್ಲೇ ಇನ್ನೊಂದು ಹೇಳಿಬಿಡ್ತೀನಿ. ಖರೀದಿಸಿದ ವಸ್ತು ವಾಪಸ್ ಮಾಡಿದರೆ ಇಎಂಐ ತಾನಾಗಿ ನಿಲ್ಲುತ್ತೆ ಅಂದುಕೊಳ್ಳಬೇಡಿ. ಅಂಗಡಿಯ ರೀಫಂಡ್ ಕಾರ್ಡಿಗೆ ಜಮಾ ಆಗುತ್ತೆ, ಇಎಂಐ ತನ್ನ ಪಾಡಿಗೆ ನಡೀತಾ ಇರಬಹುದು. ರೀಫಂಡ್ ಬಂದ ದಿನವೇ ಬ್ಯಾಂಕಿಗೆ ಹೇಳಿ ಇಎಂಐ ರದ್ದು ಮಾಡಿಸಿ. ಅಲ್ಲಿವರೆಗಿನ ಬಡ್ಡಿ ಮತ್ತು ಫೀ ಸಾಮಾನ್ಯವಾಗಿ ಹೋದ ಹಾಗೇ.

"ನೋ ಕಾಸ್ಟ್" ಅಂದರೆ

ಇದೆಲ್ಲ ಸ್ನೇಹಿತನೊಬ್ಬನಿಗೆ ಹೇಳಿದೆ. ಹುಬ್ಬಳ್ಳಿಯವನು, ಅಹಮದಾಬಾದಲ್ಲಿ ಕೆಲಸ. "ಏ, ನಾ ಬರೇ ನೋ ಕಾಸ್ಟ್ ಇಎಂಐ ತಗೋತೀನಿ, ನನಗ ಈ ತ್ರಾಸೇ ಇಲ್ಲ" ಅಂದ. ದೀಪಾವಳಿಗೆ 45,000ದ ಫೋನು ತಗೊಂಡಿದ್ದ, ಆರು ತಿಂಗಳು, ತಿಂಗಳಿಗೆ 7,500. ಆರು ಏಳೂವರೆ ನಲವತ್ತೈದು. ಬಡ್ಡಿ ಎಲ್ಲಿದೆ?

ಬಿಲ್ ತೆಗೆಸಿ ನೋಡಿದ್ವಿ. ಬ್ಯಾಂಕ್ ಅವನಿಗೆ ಸಾಲ ಕೊಟ್ಟಿದ್ದು 45,000 ಅಲ್ಲ, 42,973. ಅಂಗಡಿ ಕಡೆಯಿಂದ 2,027 ರೂಪಾಯಿ ಡಿಸ್ಕೌಂಟ್. ಆ 42,973ಕ್ಕೆ 16% ದರದಲ್ಲಿ ಆರು ತಿಂಗಳ ಬಡ್ಡಿ ಸರಿಯಾಗಿ 2,027. ಬಡ್ಡಿ ಇದ್ದೇ ಇದೆ, ಅಷ್ಟೇ ಮೊತ್ತದ ಡಿಸ್ಕೌಂಟು ಅದನ್ನು ಸರಿದೂಗಿಸುತ್ತೆ. ಆದರೆ ಬಡ್ಡಿ ಮೇಲಿನ ಜಿಎಸ್‌ಟಿಯನ್ನು ಯಾರೂ ಸರಿದೂಗಿಸಲ್ಲ, ಅದು 365. ಪ್ರೊಸೆಸಿಂಗ್ ಫೀ 199, ತೆರಿಗೆ ಸೇರಿ 235. ನೋ ಕಾಸ್ಟ್ ಅವನಿಗೆ ಬಿದ್ದಿದ್ದು 600 ರೂಪಾಯಿಗೆ.

ಆರುನೂರು ಪರವಾಗಿಲ್ಲ ಬಿಡಿ. ನಾನು ಕೇಳಿದೆ, "ಪೂರ್ತಿ ಕೊಟ್ಟಿದ್ದರೆ ಎಷ್ಟಕ್ಕೆ ಕೊಡ್ತಿದ್ದರು?" "ಹದಿನೈದು ನೂರು ಕಡಿಮಿ ಮಾಡ್ತೇನಿ ಅಂದಿದ್ದ" ಅಂದ. ಅಂದರೆ ಅವನ ನಿಜವಾದ ಖರ್ಚು 2,100. ನೋ ಕಾಸ್ಟ್ ಇಎಂಐನಲ್ಲಿ ಬಡ್ಡಿ ಹೀಗೆ ಬಿಟ್ಟುಕೊಟ್ಟ ಡಿಸ್ಕೌಂಟಿನ ರೂಪದಲ್ಲಿ ಹೋಗುತ್ತೆ. ಅದಕ್ಕೆ ಅಂಗಡಿಯಲ್ಲಿ ಮೊದಲು ಪೂರ್ತಿ ಹಣಕ್ಕೆ ಎಷ್ಟು ಅಂತ ಕೇಳಿ ಬೆಲೆ ಗಟ್ಟಿ ಮಾಡಿಕೊಳ್ಳಿ, ಆಮೇಲೆ ಇಎಂಐ ಮಾತು ತೆಗೀರಿ.

ರಿಸರ್ವ್ ಬ್ಯಾಂಕು ಇದನ್ನು ಬಹಳ ಹಿಂದೆಯೇ ಹೇಳಿದೆ. 2013ರ ಸೆಪ್ಟೆಂಬರಿನ ಸುತ್ತೋಲೆಯಲ್ಲಿ, ಶೂನ್ಯ ಬಡ್ಡಿ ಅನ್ನೋದೇ ಇಲ್ಲ, ಕಾರ್ಡ್ ಇಎಂಐನಲ್ಲಿ ಬಡ್ಡಿಯನ್ನು ಪ್ರೊಸೆಸಿಂಗ್ ಫೀ ವೇಷದಲ್ಲಿ ಗ್ರಾಹಕನ ಮೇಲೆ ಹಾಕ್ತಿದ್ದಾರೆ ಅಂತ ಬ್ಯಾಂಕುಗಳಿಗೆ ಎಚ್ಚರಿಕೆ ಕೊಟ್ಟಿತು. 2022ರ ಕ್ರೆಡಿಟ್ ಕಾರ್ಡ್ ನಿರ್ದೇಶನಗಳಲ್ಲಿ ಇನ್ನೂ ಸ್ಪಷ್ಟ ಮಾಡಿತು. ಕನ್ವರ್ಟ್ ಮಾಡುವ ಮೊದಲೇ ಅಸಲು ಎಷ್ಟು, ಬಡ್ಡಿ ಎಷ್ಟು, ಡಿಸ್ಕೌಂಟ್ ಎಷ್ಟು ಅಂತ ಬೇರೆ ಬೇರೆ ತೋರಿಸಬೇಕು. ಬಿಲ್ಲಿನಲ್ಲೂ ಹಾಗೇ ಬೇರೆಯಾಗಿ ತೋರಿಸಬೇಕು. ಬಡ್ಡಿ ಇರುವ ಇಎಂಐಯನ್ನು ನೋ ಕಾಸ್ಟ್ ಅಂತ ಮರೆಮಾಚುವ ಹಾಗಿಲ್ಲ. ನನ್ನ ಸ್ನೇಹಿತನ ಬಿಲ್ಲಲ್ಲಿ ಆ 2,027 ಕಾಣಿಸಿದ್ದು ಇದರಿಂದಲೇ. ತೋರಿಸೋದು ಅವರ ಕೆಲಸ, ಓದೋದು ನಮ್ಮ ಕೆಲಸ.

ಹಾಗಾದರೆ ಇಎಂಐ ಮಾಡಲೇಬಾರದಾ?

ಹಾಗಲ್ಲ. ಕೈಲಿ ಹಣ ಇಲ್ಲ, ಬೇರೆ ದಾರಿಯೂ ಇಲ್ಲ, ಬಿಲ್ಲಿನ ದಿನ ಬಂದಿದೆ ಅಂದರೆ ಕನ್ವರ್ಟ್ ಮಾಡೋದೇ ಜಾಣತನ. ಆ 90,000ವನ್ನು ಕನ್ವರ್ಟ್ ಮಾಡದೆ ಮಿನಿಮಮ್ ಡ್ಯೂ ಮಾತ್ರ ಕಟ್ಟುತ್ತಾ ಹೋಗಿದ್ದರೆ, ತಿಂಗಳಿಗೆ 3.5% ಲೆಕ್ಕದಲ್ಲಿ ಬಡ್ಡಿ 3,150, ತೆರಿಗೆ ಸೇರಿ 3,717. ಅದು ಒಂದೇ ತಿಂಗಳಿಗೆ. ನಾನು ಇಎಂಐಗೆ ವರ್ಷಪೂರ್ತಿ ತೆತ್ತ ಹತ್ತು ಸಾವಿರ ಅಲ್ಲಿ ಮೂರು ತಿಂಗಳಿಗೇ ಹೋಗ್ತಿತ್ತು.

ಇಎಂಐ ಮಾಡಿದ ಮೇಲೂ ಮಿನಿಮಮ್ ಡ್ಯೂ ನಂಬಬೇಡಿ. ಆ ತಿಂಗಳ ಕಂತು, ಫೀ, ತೆರಿಗೆ ಪೂರ್ತಿಯಾಗಿ ಮಿನಿಮಮ್ ಡ್ಯೂನಲ್ಲಿ ಸೇರಿರುತ್ತೆ. ಹಾಗಾಗಿ ಅಷ್ಟು ಕಟ್ಟಿದರೆ ಕಂತು ತಪ್ಪಲ್ಲ, ನಿಜ. ಆದರೆ ಬೇರೆ ಖರ್ಚಿನ ಬಾಕಿ ಉಳಿದು, ನನಗಾದ ಹಾಗೇ ತರಕಾರಿಗೂ ಬಡ್ಡಿ ಬೀಳುತ್ತೆ. ಟೋಟಲ್ ಡ್ಯೂ ನೋಡಿ, ಅಷ್ಟನ್ನೇ ಕಟ್ಟಿ. ಆಟೋ ಪೇ ಹಾಕೋದಾದರೆ ಟೋಟಲ್‌ಗೇ ಹಾಕಿ.

ಮತ್ತೆ, ಉಜ್ಜಿದ ನಾಲ್ಕನೇ ದಿನವೇ ನಾನು ಹೂಂ ಅಂದೆನಲ್ಲ, ಅದೂ ದುಡುಕು. ಬಿಲ್ಲಿನ ಕೊನೇ ದಿನದವರೆಗೆ ಕಾರ್ಡಿನ ಹಣಕ್ಕೆ ಬಡ್ಡಿ ಇರಲ್ಲ. ಕನ್ವರ್ಟ್ ಮಾಡಿದ ದಿನದಿಂದ ಬಡ್ಡಿ ಶುರು. ಎಷ್ಟೋ ಬ್ಯಾಂಕುಗಳು ಬಿಲ್ ಬಂದ ಮೇಲೂ ಕನ್ವರ್ಟ್ ಮಾಡಲು ಬಿಡುತ್ತವೆ. ನಿಮ್ಮ ಕಾರ್ಡಿಗೆ ಕೊನೆ ದಿನ ಯಾವುದು ಅಂತ ಆ್ಯಪ್‌ನಲ್ಲಿ ನೋಡಿಕೊಂಡು, ಅಲ್ಲಿವರೆಗೆ ಎಷ್ಟು ಹೊಂದಿಸೋಕಾಗುತ್ತೋ ಹೊಂದಿಸಿ. ಎರಡು ಎಸಿಗೆ ಎರಡು ಬಿಲ್ ಮಾಡಿಸಿ ಎರಡು ಸಲ ಕಾರ್ಡ್ ಉಜ್ಜಿದ್ದರೆ, ಒಂದನ್ನು ಕಟ್ಟಿ ಇನ್ನೊಂದನ್ನು ಮಾತ್ರ ಕನ್ವರ್ಟ್ ಮಾಡಬಹುದಿತ್ತು. ಇದು ನನಗೆ ಆಮೇಲೆ ಹೊಳೆದದ್ದು.

ಇನ್ನು ಆ ಎಫ್‌ಡಿ. ಲೆಕ್ಕ ಎಲ್ಲ ಮುಗಿದ ಮೇಲೆ ಅದನ್ನೂ ಹಾಕಿ ನೋಡಿದೆ. ಎಫ್‌ಡಿ ಮೇಲಿನ ಸಾಲಕ್ಕೆ ಸಾಮಾನ್ಯವಾಗಿ ಎಫ್‌ಡಿಯ ದರಕ್ಕಿಂತ ಒಂದೋ ಎರಡೋ ಪರ್ಸೆಂಟ್ ಹೆಚ್ಚು. ಆಕೆಯ ಎಫ್‌ಡಿಗೆ 7% ಇತ್ತು. ಸಾಲಕ್ಕೆ 9% ಅಂತಲೇ ಹಿಡಿಯಿರಿ. 90,000ವನ್ನು ಹನ್ನೆರಡು ತಿಂಗಳಲ್ಲಿ ತೀರಿಸಿದರೆ ಒಟ್ಟು ಬಡ್ಡಿ 4,448. ಬಡ್ಡಿ ಮೇಲೆ ಜಿಎಸ್‌ಟಿ ಇಲ್ಲ. ಎಫ್‌ಡಿ ಒಡೆಯಬೇಕಿಲ್ಲ, ಅದರ ಬಡ್ಡಿ ಅದಕ್ಕೆ ಬರ್ತಾನೇ ಇರುತ್ತೆ. ನನ್ನ 10,489ರ ಪಕ್ಕ ಅದನ್ನಿಟ್ಟರೆ ಆರು ಸಾವಿರ ವ್ಯತ್ಯಾಸ.

ಆ ಹಾಳೆಯನ್ನು ಹೆಂಡತಿಗೆ ತೋರಿಸಿದೆ. ಜಗಳ ಏನೂ ಆಡಲಿಲ್ಲ. ಕೊನೇ ಸಾಲು ನೋಡಿ, "ಆವತ್ತು ನಾನು ಹೇಳಿದಾಗ ಐದು ನಿಮಿಷ ಕೂತು ಈ ಲೆಕ್ಕ ಮಾಡಿದ್ದರೆ ಆಗ್ತಿತ್ತಲ್ಲ ರೀ" ಅಂದಳು, ಅಷ್ಟೇ. ಅವಳ ದುಡ್ಡು ಉಳಿಸ್ತಿದ್ದೀನಿ ಅಂದುಕೊಂಡು ಮನೆಯ ದುಡ್ಡು ಕಳೆದಿದ್ದೆ. ಈಗ ನಮ್ಮನೇಲಿ ಹತ್ತು ಸಾವಿರ ದಾಟಿದ ಯಾವ ಖರೀದಿಗೂ ಇಬ್ಬರೂ ಕೂತು ಆ ಬಾಯಿಲೆಕ್ಕ ಮಾಡಿ, ಆಮೇಲೇ ಓಟಿಪಿ ಒತ್ತೋದು.

ಕೊನೇ ಕಂತು ಕಟ್ಟಿದ್ದು ಮತ್ತೆ ಬೇಸಿಗೆ ಬಂದಾಗ. ಸಂಜೆ ಕೆಳಗೆ ಕಾಕಾ ಸಿಕ್ಕಿದರು. "ಕಾಕಾ, ಎಸಿ ಎಷ್ಟಕ್ಕೆ ಬಿತ್ತು ಅಂತ ಕೇಳಿದ್ದಿರಲ್ಲ, ಒಂದು ಲಕ್ಷದ ನಾನೂರ ಎಂಬತ್ತೊಂಬತ್ತು" ಅಂದೆ. ಕಾಕಾ ನಕ್ಕರು. "ವ್ಯಾಜ್ ಹಿಡಿದಾ?" ಅಂದರು. ಬಡ್ಡಿ ಸೇರಿಸಿಯಾ ಅಂತ. ಹೌದು ಕಾಕಾ, ಬಡ್ಡಿ, ಬಡ್ಡಿಗೆ ತೆರಿಗೆ, ಫೀ, ಫೀಗೆ ತೆರಿಗೆ, ಎಲ್ಲ ಸೇರಿಸಿ ಅಂದೆ.

ಇವತ್ತಿಗೆ ಇಷ್ಟು. ನಿಮ್ಮ ಕಾರ್ಡಲ್ಲಿ ಈಗ ಇಎಂಐ ನಡೀತಿದ್ದರೆ, ಇವತ್ತು ರಾತ್ರಿ ಅದರ ಮೊದಲ ತಿಂಗಳ ಬಿಲ್ ಒಂದನ್ನು ತೆರೆದು ನೋಡಿ.